ಎರಡು ರಜೆಗಳ ನಡುವಿನ ಮಂಗಳವಾರ

2025ರ ದೀಪಾವಳಿಯಲ್ಲಿ ನರಕ ಚತುರ್ದಶಿ ಅಕ್ಟೋಬರ್ 20ರ ಸೋಮವಾರ, ಬಲಿಪಾಡ್ಯಮಿ 22ರ ಬುಧವಾರ ಬಂದವು. ಎರಡಕ್ಕೂ ಸರ್ಕಾರಿ ರಜೆ ಇತ್ತು. ನಡುವಿನ ಮಂಗಳವಾರ ಕೆಲಸದ ದಿನ. ಚಿಕ್ಕ ಕಚೇರಿಗಳು ಬರಿದಾಗುವುದು ಇಂಥ ದಿನಗಳಲ್ಲೇ. ಹಬ್ಬದ ದಿನ ಹೇಗೂ ಬಾಗಿಲು ಹಾಕಿರುತ್ತದೆ, ಯಾರೂ ಏನನ್ನೂ ನಿರೀಕ್ಷಿಸುವುದಿಲ್ಲ. ಮಂಗಳವಾರ ಮಾತ್ರ ಗ್ರಾಹಕರ ಫೋನು ಬರುತ್ತದೆ, ಎತ್ತುವವರು ಊರಲ್ಲಿರುತ್ತಾರೆ.

ಆರು ಜನರಿರುವ ಒಂದು ತೆರಿಗೆ ಸಲಹಾ ಕಚೇರಿಯನ್ನು ಊಹಿಸಿಕೊಳ್ಳಿ. ಆ ಮಂಗಳವಾರಕ್ಕೆ ಮೂವರು ರಜೆ ಕೇಳುತ್ತಾರೆ. ಇನ್ನೂ ಮೂವರು ಉಳಿಯುತ್ತಾರಲ್ಲ ಎಂದು ಯಜಮಾನರು ಒಪ್ಪುತ್ತಾರೆ. ಆದರೆ ರಿಟರ್ನ್ ಸಲ್ಲಿಸಲು ಬಲ್ಲವರು ಇಬ್ಬರೇ, ಆ ಇಬ್ಬರೂ ಹೊರಟ ಮೂವರಲ್ಲಿ ಸೇರಿದ್ದಾರೆ. ರಜೆ ಕ್ಯಾಲೆಂಡರಿನ ಮೊದಲ ಕೆಲಸವೇ ಈ ತಪ್ಪು ತಡೆಯುವುದು. ಅದರಲ್ಲಿ ತಲೆ ಎಣಿಸಬಾರದು, ಕೆಲಸ ಎಣಿಸಬೇಕು.

ಅದಕ್ಕೊಂದು ಸುಲಭದ ದಾರಿಯಿದೆ. ಎಕ್ಸೆಲ್ ಅಥವಾ ಗೂಗಲ್ ಶೀಟ್‌ನ ಮೊದಲ ಕಾಲಂನಲ್ಲಿ ಕೆಲಸದ ದಿನಗಳ ತಾರೀಖು ಬರೆಯಿರಿ. ಮುಂದಿನ ಕಾಲಂಗಳಿಗೆ ಹೆಸರು ಹಾಕುವಾಗ ಒಂದೇ ಕೆಲಸ ಬಲ್ಲವರನ್ನು ಅಕ್ಕಪಕ್ಕ ಇಡಿ. ನಮ್ಮ ಕಚೇರಿಯಲ್ಲಿ B, C ರಿಟರ್ನ್ ಸಲ್ಲಿಸುವವರು. D, E ಲೆಕ್ಕ ಬರೆಯುವವರು. F, G ಫೋನು ಮತ್ತು ಕೌಂಟರ್ ನೋಡಿಕೊಳ್ಳುವವರು. ರಜೆಯಾದರೆ 'ರ' ಎಂದಷ್ಟೇ ಬರೆಯಿರಿ. H ಕಾಲಂಗೆ ಈ ಸೂತ್ರ ಹಾಕಿ, ಕೆಳಗಿನವರೆಗೆ ಎಳೆಯಿರಿ:

```
=IF(OR(COUNTIF(B2:C2,"ರ")=2,COUNTIF(D2:E2,"ರ")=2,COUNTIF(F2:G2,"ರ")=2),"ಖಾಲಿ","")
```

ಯಾವುದಾದರೂ ಜೋಡಿಯ ಇಬ್ಬರೂ ಒಂದೇ ದಿನ ರಜೆ ಬರೆದ ಕೂಡಲೇ 'ಖಾಲಿ' ಎಂದು ಬೀಳುತ್ತದೆ. ಮೂವರು ರಜೆಯಲ್ಲಿದ್ದರೂ ಅವರು ಮೂರು ಬೇರೆ ಬೇರೆ ಜೋಡಿಯವರಾದರೆ ಏನೂ ಬೀಳುವುದಿಲ್ಲ. ಹಾಳೆ ಎಲ್ಲರಿಗೂ ಕಾಣುವಂತಿರಲಿ. ಆಗ ಬಹುಪಾಲು ಹೊಂದಾಣಿಕೆ ಯಜಮಾನರ ಮೇಜಿಗೆ ಬರುವ ಮೊದಲೇ ಅವರವರಲ್ಲೇ ಮುಗಿಯುತ್ತದೆ. ಒಂದು ಕೆಲಸಕ್ಕೆ ಜೋಡಿಯೇ ಇಲ್ಲ, ಒಬ್ಬರೇ ಬಲ್ಲರು ಎಂದಾದರೆ ಈ ಹಾಳೆಯೂ ಕೈಲಾಗದ್ದು, ಇನ್ನೊಬ್ಬರಿಗೆ ಕಲಿಸಲೇಬೇಕು. ಕೆಲಸ ಬಲ್ಲವರು ಕೂತಿದ್ದರೂ ಡಿಜಿಟಲ್ ಸಹಿಯ ಪೆನ್‌ಡ್ರೈವ್ ರಜೆಗೆ ಹೋದವರ ಬ್ಯಾಗಿನಲ್ಲಿದ್ದರೆ ಫಲ ಅದೇ. ಹೊರಡುವ ಮುನ್ನ ಏನೇನು ಒಪ್ಪಿಸಬೇಕು ಎಂಬುದನ್ನೂ ಹಾಳೆಯ ಕೆಳಗೆ ಬರೆದಿಡುವುದು ಒಳ್ಳೆಯದು.

ಹಾಳೆಯಲ್ಲಿ ಹಬ್ಬದ ಜೊತೆ ಗಡುವುಗಳೂ ಇರಬೇಕು. ಪ್ರತಿ ತಿಂಗಳು ಸಲ್ಲಿಸುವವರ GSTR-3B ಗಡುವು 20ನೇ ತಾರೀಖು. 2025ರಲ್ಲಿ ಅದು ನೇರವಾಗಿ ನರಕ ಚತುರ್ದಶಿಯ ಮೇಲೆ ಬಿತ್ತು. ಸರ್ಕಾರ 25ರವರೆಗೆ ವಿಸ್ತರಿಸಿತು, ಆದರೆ ಆ ಪ್ರಕಟಣೆ ಬಂದದ್ದು ಹಬ್ಬ ಹೊಸ್ತಿಲಿಗೆ ಬಂದಮೇಲೆ. ಅದನ್ನು ನಂಬಿ ಕೂರುವಂತಿರಲಿಲ್ಲ. ಇಂಥ ಗಡುವನ್ನು ಅದರ ಹಿಂದಿನ ಕೆಲಸದ ದಿನಕ್ಕೆ ಸರಿಸಿ ಬರೆದುಕೊಳ್ಳುವುದೇ ಕ್ಷೇಮ.

ರಜೆ ಯಾವಾಗ ನಿಶ್ಚಯವಾಗಬೇಕು ಎಂಬುದನ್ನು ಕಚೇರಿಗಿಂತ ರೈಲ್ವೆಯೇ ಹೇಳುತ್ತದೆ. 2024ರ ನವೆಂಬರ್‌ನಿಂದ ಮುಂಗಡ ಟಿಕೆಟ್ 60 ದಿನ ಮೊದಲು ಸಿಗುತ್ತದೆ. ಅಕ್ಟೋಬರ್ 17ರ ಶುಕ್ರವಾರ ರಾತ್ರಿ ಊರಿಗೆ ಹೊರಡುವವರು ಆಗಸ್ಟ್ 18ಕ್ಕೇ ಟಿಕೆಟ್ ತೆಗೆದಿರುತ್ತಾರೆ. ಸೆಪ್ಟೆಂಬರ್ ಕೊನೆಯಲ್ಲಿ ಸಭೆ ಕರೆದು 'ಒಬ್ಬರು ಉಳಿಯಿರಿ' ಎಂದರೆ, ಟಿಕೆಟ್ ತೆಗೆಯದೆ ಸುಮ್ಮನಿದ್ದ ಒಳ್ಳೆಯವರ ಮೇಲೆಯೇ ಭಾರ ಬೀಳುತ್ತದೆ. ಹಾಗಾಗಿ ದೀಪಾವಳಿಯ ಹಾಳೆ ಆಗಸ್ಟ್ ಮೊದಲ ವಾರದಲ್ಲೇ ಮುಗಿದಿರಬೇಕು.

ಯಾರು ಉಳಿಯಬೇಕು ಎಂಬುದು ಇದೆಲ್ಲಕ್ಕಿಂತ ಕಷ್ಟದ ಪ್ರಶ್ನೆ. ಮೊದಲು ಕೇಳಿದವರಿಗೆ ಮೊದಲು ಎಂಬ ನಿಯಮ ನನಗೆ ಒಪ್ಪಿಗೆಯಿಲ್ಲ. ಕೇಳಲು ಸಂಕೋಚಪಡುವವರು ಅದರಲ್ಲಿ ಪ್ರತಿವರ್ಷ ಸೋಲುತ್ತಾರೆ. ಇನ್ನೊಂದು ಕಾಲಂನಲ್ಲಿ ಪ್ರತಿ ಹಬ್ಬಕ್ಕೂ ಯಾರು ಉಳಿದರು ಎಂದು ಬರೆದಿಡಿ. ಗಣೇಶ ಚೌತಿಗೆ ಉಳಿದವರಿಗೆ ದೀಪಾವಳಿಯಲ್ಲಿ ಮೊದಲ ಆಯ್ಕೆ ಸಿಗಲಿ. ಆ ಕಾಲಂನಲ್ಲಿ ಒಂದೇ ಹೆಸರು ಮತ್ತೆ ಮತ್ತೆ ಬಂದರೆ, ಅಥವಾ ಹಬ್ಬದ ಮರುದಿನ ಜ್ವರದ ಸಂದೇಶಗಳು ಹೆಚ್ಚಾದರೆ, ಹಂಚಿಕೆ ಸರಿಯಿಲ್ಲವೆಂದೇ ಅರ್ಥ. ಪಟ್ಟಿಯಲ್ಲಿರುವ ಹಬ್ಬದ ದಿನವೇ ಯಾರನ್ನಾದರೂ ಕರೆಸಿದರೆ, ಕರ್ನಾಟಕದ 1963ರ ರಜೆ ಕಾಯ್ದೆಯಂತೆ ದುಪ್ಪಟ್ಟು ಸಂಬಳ ಅಥವಾ ಆ ದಿನದ ಸಂಬಳದೊಂದಿಗೆ ಬದಲಿ ರಜೆ ಕೊಡಬೇಕು.

ದೀಪಾವಳಿಗೆ ಮುಸ್ಲಿಂ ಸಹೋದ್ಯೋಗಿ, ರಂಜಾನಿಗೆ ಹಿಂದೂ ಸಹೋದ್ಯೋಗಿ ಉಳಿಯುವ ಕೊಡುಕೊಳ್ಳುವಿಕೆ ಅನೇಕ ಕಚೇರಿಗಳಲ್ಲಿ ಪ್ರೀತಿಯಿಂದಲೇ ನಡೆಯುತ್ತದೆ. ಆದರೆ 2025ರಲ್ಲಿ ಯುಗಾದಿ ಮಾರ್ಚ್ 30ಕ್ಕೆ, ರಂಜಾನ್ ಮರುದಿನ 31ಕ್ಕೆ ಬಂತು. ಅಂದೇ ಆರ್ಥಿಕ ವರ್ಷದ ಕೊನೆಯ ದಿನ ಕೂಡ. ಯುಗಾದಿಗೆ ಊರಿಗೆ ಹೋದವರು ಮರುದಿನವೇ ಮರಳಿ ಬಂದು ಕೂರುವುದು ಕಷ್ಟ, ಚಂದ್ರದರ್ಶನವಾಗುವವರೆಗೆ ರಂಜಾನಿನ ದಿನವೂ ಖಚಿತವಿರುವುದಿಲ್ಲ. ಅಂಥ ವರ್ಷ ರಂಜಾನಿಗೆ ಒಂದರ ಬದಲು ಎರಡು ದಿನ ಕಾದಿರಿಸಬೇಕು, ಮಾರ್ಚ್ 31ರ ಕೆಲಸವನ್ನು 28ರ ಶುಕ್ರವಾರಕ್ಕೇ ಮುಗಿಸಿಕೊಳ್ಳಬೇಕು, ಉಳಿದದ್ದಕ್ಕೆ ಊರಲ್ಲೇ ಮನೆಯಿರುವ ಒಬ್ಬರನ್ನು ಜನವರಿಯಲ್ಲೇ ಕೇಳಿ ಒಪ್ಪಿಸಿ, ಅವರ ಬದಲಿ ರಜೆಯನ್ನು ಅಂದೇ ಹಾಳೆಯಲ್ಲಿ ಬರೆದುಬಿಡಬೇಕು.