ಫಲಿತಾಂಶ ಕುಸಿದದ್ದು ಮೊಬೈಲಿನಿಂದಲೇ? ಅಂಕಣಕ್ಕೊಂದು ಓದುಗರ ಪತ್ರ

ಒಂದು ಘಟನೆಯ ಹಿಂದೆಯೇ ಇನ್ನೊಂದು ನಡೆಯಿತು ಎಂಬ ಮಾತ್ರಕ್ಕೆ ಮೊದಲಿನದೇ ಎರಡನೆಯದಕ್ಕೆ ಕಾರಣ ಎಂದು ತೀರ್ಮಾನಿಸುವುದು ಹುಸಿ ಕಾರಣದ ತರ್ಕದೋಷ. ಕಾಗೆ ಕೂತದ್ದಕ್ಕೂ ತಾಳೆಹಣ್ಣು ಬಿದ್ದದ್ದಕ್ಕೂ ಗಂಟು ಹಾಕುವ ಕಾಕತಾಳೀಯ ಇದೇ. ಪರೀಕ್ಷೆಯ ಫಲಿತಾಂಶ ಹೊರಬಿದ್ದ ವಾರ ಪತ್ರಿಕೆಯ ಅಂಕಣಗಳಲ್ಲಿ ಇದು ಸುಲಭವಾಗಿ ನುಸುಳುತ್ತದೆ. ಶೇಕಡಾವಾರು ಅಂಕಿ ಒಂದೇ ಇರುತ್ತದೆ, ಅದರ ಹಿಂದಿನ ಬದಲಾವಣೆಗಳು ಹಲವು. ಅಂಕಣಕಾರರು ತಮಗೆ ಮೊದಲೇ ಮನವರಿಕೆಯಾಗಿರುವ ಒಂದನ್ನು ಆರಿಸಿಕೊಂಡುಬಿಡುತ್ತಾರೆ.

ಕರ್ನಾಟಕದ 2024ರ ಎಸ್ಸೆಸ್ಸೆಲ್ಸಿ ಫಲಿತಾಂಶ ಇದಕ್ಕೆ ತಕ್ಕ ಉದಾಹರಣೆ. 2023ರಲ್ಲಿ ಶೇ 83.89ರಷ್ಟು ಮಕ್ಕಳು ತೇರ್ಗಡೆಯಾಗಿದ್ದರು. ಮರುವರ್ಷ ಅದು ಶೇ 73.40ಕ್ಕೆ ಇಳಿಯಿತು. ‘ಮಕ್ಕಳ ಕೈಗೆ ಮೊಬೈಲ್ ಬಂತು, ಓದು ಹೋಯಿತು, ಫಲಿತಾಂಶವೇ ಸಾಕ್ಷಿ’ ಎಂದು ಅಂಕಣವೊಂದು ವಾದಿಸಿದೆ ಎಂದುಕೊಳ್ಳೋಣ. ಓದಿದ ಹೆತ್ತವರಲ್ಲಿ ಹೆಚ್ಚಿನವರು ತಲೆಯಾಡಿಸುತ್ತಾರೆ. ಅದಕ್ಕೆ ಉತ್ತರವಾಗಿ ಸಂಪಾದಕರಿಗೆ ಬರೆಯುವ ಪತ್ರ ಹೀಗಿರಬಹುದು:

‘ಮಾನ್ಯರೇ, ಎಸ್ಸೆಸ್ಸೆಲ್ಸಿ ಫಲಿತಾಂಶದ ಕುಸಿತಕ್ಕೆ ಮೊಬೈಲ್ ಕಾರಣ ಎಂಬ ಅಂಕಣ ಓದಿದೆ. ಮೊಬೈಲ್ 2023ರಲ್ಲೂ ಮಕ್ಕಳ ಕೈಯಲ್ಲಿತ್ತು. ಆಗ ಶೇ 83.89ರಷ್ಟು ಮಂದಿ ತೇರ್ಗಡೆಯಾದರು. ಎರಡೂ ವರ್ಷ ಇದ್ದ ಸಂಗತಿ ಒಂದೇ ವರ್ಷದಲ್ಲಾದ ಇಳಿಕೆಯನ್ನು ತಾನಾಗಿ ವಿವರಿಸಲಾರದು. 2024ರಲ್ಲಿ ಹೊಸದಾಗಿ ಬಂದದ್ದು ಪರೀಕ್ಷಾ ಕೊಠಡಿಗಳ ಕ್ಯಾಮೆರಾ ಮತ್ತು ವೆಬ್‌ಕಾಸ್ಟಿಂಗ್. ಅಂಕಣದಲ್ಲಿ ಅದರ ಪ್ರಸ್ತಾಪವೇ ಇಲ್ಲ. ಮೊಬೈಲ್ ಬಳಕೆ ಆ ಒಂದು ವರ್ಷದಲ್ಲಿ ಅಷ್ಟು ಹೆಚ್ಚಿತೆಂಬುದಕ್ಕೆ ಆಧಾರವಿದ್ದರೆ ಲೇಖಕರು ತಿಳಿಸಲಿ.’

ಪತ್ರ ಚಿಕ್ಕದು, ಆದರೆ ವಾದದ ಬುಡಕ್ಕೇ ಕೈ ಹಾಕುತ್ತದೆ. ಅದು ಮಾಡುವ ಕೆಲಸ ಎರಡೇ. ಹೇಳಲಾದ ಕಾರಣ ಫಲಿತಾಂಶ ಚೆನ್ನಾಗಿದ್ದಾಗಲೂ ಇತ್ತೇ ಎಂದು ನೋಡುತ್ತದೆ. ಇಳಿಕೆಯಾದ ವರ್ಷವೇ ಬೇರೇನು ಬದಲಾಯಿತು ಎಂದು ಹುಡುಕುತ್ತದೆ. ಅಂಕಣಕಾರರ ವಯಸ್ಸು, ಪಕ್ಷ, ಉದ್ದೇಶ ಯಾವುದರ ತಂಟೆಗೂ ಹೋಗುವುದಿಲ್ಲ.

ಇದೇ ದಾರಿಯಲ್ಲಿ ಮುಂದೆ ಹೋದರೆ ಶೇ 73.40 ಎಂಬ ಅಂಕಿಯನ್ನೇ ಹಾಗೇ ನಂಬುವಂತಿಲ್ಲ ಎಂದು ತಿಳಿಯುತ್ತದೆ. ಫಲಿತಾಂಶ ತೀರಾ ಕೆಳಗಿಳಿದದ್ದರಿಂದ ಆ ವರ್ಷದ ಮಟ್ಟಿಗೆ ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಲಾಯಿತು. ಅದನ್ನು ಪಡೆಯಲು ಬೇಕಾದ ಕನಿಷ್ಠ ಒಟ್ಟು ಅಂಕವನ್ನು ಶೇ 35ರಿಂದ 25ಕ್ಕೆ ಇಳಿಸಲಾಯಿತು. ಈ ಸಡಿಲಿಕೆ ಇಲ್ಲದಿದ್ದರೆ ತೇರ್ಗಡೆ ಪ್ರಮಾಣ ಶೇ 54ರ ಆಸುಪಾಸಿನಲ್ಲಿ ನಿಲ್ಲುತ್ತಿತ್ತು. ಅಂದರೆ ಅಂಕಣಕಾರರು ಕಾರಣ ಹುಡುಕುತ್ತಿದ್ದುದು ಹತ್ತು ಅಂಶಗಳ ಇಳಿಕೆಗೆ. ನಿಜವಾಗಿ ಆಗಿದ್ದ ಇಳಿಕೆ ಮೂವತ್ತರಷ್ಟು. ಮಕ್ಕಳ ಓದಿನ ಅಭ್ಯಾಸ ಒಂದೇ ವರ್ಷದಲ್ಲಿ ಅಷ್ಟು ಹದಗೆಡುವುದು ನಂಬಲು ಕಷ್ಟ.

ಜಿಲ್ಲಾವಾರು ಪಟ್ಟಿ ಇನ್ನೂ ಹೆಚ್ಚು ಹೇಳುತ್ತದೆ. 2023ರಲ್ಲಿ ಶೇ 96ಕ್ಕೂ ಹೆಚ್ಚು ಫಲಿತಾಂಶದೊಂದಿಗೆ ಮೊದಲ ಸ್ಥಾನದಲ್ಲಿದ್ದದ್ದು ಚಿತ್ರದುರ್ಗ, ಉಡುಪಿ 18ನೆಯದು. 2024ರಲ್ಲಿ ಉಡುಪಿ ಶೇ 94ರೊಂದಿಗೆ ಮೊದಲಿಗೆ ಬಂತು, ಚಿತ್ರದುರ್ಗ ಬಹಳ ಕೆಳಗೆ ಜಾರಿತು. ಮೊಬೈಲೇ ಕಾರಣವಾಗಿದ್ದರೆ ಉಡುಪಿಯ ಮಕ್ಕಳ ಕೈಯಲ್ಲಿ ಅದು ಇರಲಿಲ್ಲವೇ? ಜಿಲ್ಲೆಗಳ ಸ್ಥಾನ ಹೀಗೆ ಅದಲುಬದಲಾಗಬೇಕಾದರೆ ಕಾರಣವೂ ಜಿಲ್ಲೆಯಿಂದ ಜಿಲ್ಲೆಗೆ ಬೇರೆ ಬೇರೆ ತೀವ್ರತೆಯಲ್ಲಿ ಕೆಲಸ ಮಾಡಿರಬೇಕು. ಹಿಂದೆ ಮೇಲ್ವಿಚಾರಣೆ ಎಲ್ಲೆಡೆ ಒಂದೇ ಬಿಗಿಯಾಗಿರಲಿಲ್ಲ ಎಂಬ ವಿವರಣೆ ಇದಕ್ಕೆ ಹೆಚ್ಚು ಹೊಂದುತ್ತದೆ.

ಪತ್ರ ಬರೆಯುವವರು ಎಡವುವ ಜಾಗವೂ ಇದೇ. ‘ಮೊಬೈಲ್ ಅಲ್ಲ, ಕ್ಯಾಮೆರಾವೇ ಕಾರಣ’ ಎಂದು ಅಡಿಗೆರೆ ಎಳೆದರೆ ಅಂಕಣದ ದೋಷವೇ ಪತ್ರದಲ್ಲೂ ಮರುಕಳಿಸುತ್ತದೆ. ಪೂರಕ ಪರೀಕ್ಷೆಯ ಬದಲು ವರ್ಷಕ್ಕೆ ಮೂರು ಪರೀಕ್ಷೆಗಳ ಪದ್ಧತಿ ಜಾರಿಯಾದದ್ದೂ 2024ರಲ್ಲೇ. ಇನ್ನೆರಡು ಅವಕಾಶ ಇದೆ ಎಂಬ ಭಾವನೆ ಕೆಲವರ ತಯಾರಿಯನ್ನು ಸಡಿಲಗೊಳಿಸಿರಬಹುದು. ಕ್ಯಾಮೆರಾದ ಪಾಲೆಷ್ಟು ಎಂದು ಹೇಳಬೇಕಾದರೆ ಹಿಂದಿನ ವರ್ಷಗಳಲ್ಲಿ ಬಿಗಿ ಮೇಲ್ವಿಚಾರಣೆ ಇದ್ದ ಮತ್ತು ಇಲ್ಲದ ಕೇಂದ್ರಗಳ ಫಲಿತಾಂಶವನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಅದು ಕೈಯಲ್ಲಿಲ್ಲದೆ ಪತ್ರ ಹೇಳಬಹುದಾದದ್ದು, ಅಂಕಣ ಒಂದು ದೊಡ್ಡ ಬದಲಾವಣೆಯನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ ಎಂದಷ್ಟೇ.

ಮೊಬೈಲಿನಿಂದ ಓದಿಗೆ ತೊಂದರೆಯೇ ಇಲ್ಲ ಎಂದೂ ಪತ್ರ ಸಾಧಿಸಿದಂತಾಗುವುದಿಲ್ಲ. ವಾದ ಸೋತಿದೆ, ತೀರ್ಮಾನ ಸುಳ್ಳೆಂದು ಸಾಬೀತಾಗಿಲ್ಲ. ಅಂಕಣಕಾರರು ಬೇರೆ ಆಧಾರ ತಂದು ಅದೇ ಮಾತನ್ನು ನಾಳೆ ನಿಲ್ಲಿಸಬಹುದು. 2024ರ ಎಸ್ಸೆಸ್ಸೆಲ್ಸಿ ಫಲಿತಾಂಶ ಮಾತ್ರ ಅದಕ್ಕೆ ಸಾಕ್ಷಿಯಾಗಲಾರದು.