ಎರಡು ತಂತಿ, ಕೈಯಿಂದ ತಾಳ

ಚಿಪ್‌ನಲ್ಲಿರುವ ಒಂದೇ ಐ2ಸಿ ಘಟಕ ಬೇರೆ ಕೆಲಸದಲ್ಲಿದೆ, ಇನ್ನೊಂದು ಗಡಿಯಾರದ ಚಿಪ್ ಜೋಡಿಸಬೇಕಿದೆ ಎಂದುಕೊಳ್ಳಿ. ಆಗ ಎರಡು ಸಾಮಾನ್ಯ ಪಿನ್‌ಗಳನ್ನು ಪ್ರೋಗ್ರಾಂನಿಂದಲೇ ಏರಿಳಿಸಬಹುದು. ಇದೇ ಬಿಟ್-ಬ್ಯಾಂಗಿಂಗ್.

ಮೊದಲ ನಿಯಮ: ತಂತಿಯನ್ನು ನಾವು ಕೆಳಕ್ಕೆ ಎಳೆಯಬಹುದು, ಮೇಲಕ್ಕೆ ತಳ್ಳುವಂತಿಲ್ಲ. ಪಿನ್ಅನ್ನು ಇನ್‌ಪುಟ್ ಮಾಡಿ ಕೈಬಿಟ್ಟರೆ ಪುಲ್-ಅಪ್ ರೆಸಿಸ್ಟರ್ ಅದನ್ನು ಏರಿಸುತ್ತದೆ. ಹೀಗಿರುವುದರಿಂದಲೇ ಎದುರಿನ ಚಿಪ್ ಕೂಡ ತಂತಿಯನ್ನು ಇಳಿಸಿ ಉತ್ತರಿಸಬಲ್ಲದು.

100 ಕಿಲೋಹರ್ಟ್ಸ್ ವೇಗದಲ್ಲಿ ಗಡಿಯಾರದ ತಂತಿ ಕನಿಷ್ಠ 4.7 ಮೈಕ್ರೋಸೆಕೆಂಡ್ ಕೆಳಗೆ, 4 ಮೈಕ್ರೋಸೆಕೆಂಡ್ ಮೇಲೆ ಇರಬೇಕು. ಎರಡಕ್ಕೂ 5 ಇಟ್ಟರೆ ಲೆಕ್ಕ ಸುಲಭ. ಡಿಎಸ್3231 ಗಡಿಯಾರಕ್ಕೆ ಬರೆಯಲು ಮೊದಲು `0xD0` ಕಳಿಸುತ್ತೇವೆ. ಎಂಟು ಬಿಟ್‌ಗಳ ನಂತರ ಡೇಟಾ ತಂತಿಯನ್ನು ಕೈಬಿಡುತ್ತೇವೆ. ಒಂಬತ್ತನೇ ಮಿಡಿತದಲ್ಲಿ ಅದು ಕೆಳಗಿದ್ದರೆ ಚಿಪ್ ಕೇಳಿಸಿಕೊಂಡಿದೆ. ಒಟ್ಟು ಸುಮಾರು 90 ಮೈಕ್ರೋಸೆಕೆಂಡ್.

ಇವೆಲ್ಲ ಕನಿಷ್ಠ ಮಿತಿಗಳು. ನಡುವೆ ಇಂಟರಪ್ಟ್ ಬಂದು ಮಿಡಿತ ಉದ್ದವಾದರೂ ಸಾಮಾನ್ಯವಾಗಿ ಮಾತು ಕೆಡುವುದಿಲ್ಲ.

ಕೆಡುವುದು ಬೇರೆಡೆ. ಕೆಲವು ಸೆನ್ಸರ್‌ಗಳು ಸಿದ್ಧವಾಗುವವರೆಗೆ ಗಡಿಯಾರದ ತಂತಿಯನ್ನೇ ಕೆಳಗೆ ಹಿಡಿಯುತ್ತವೆ. ಕಾಯದೆ ಎಣಿಸಿದರೆ ಬಿಟ್‌ಗಳು ಕಳೆದುಹೋಗುತ್ತವೆ. ಆಸಿಲೋಸ್ಕೋಪ್‌ನಲ್ಲಿ ಮಿಡಿತಗಳು ಕಡಿಮೆ ಕಂಡರೆ ಇದೇ ಕಾರಣವಿರಬಹುದು. ಮದ್ದು ಸರಳ:

```
scl_release();
n = 1000;
while (!scl_read() && --n) delay_us(1);
if (!n) return ERR;
delay_us(5);
```

ತಂತಿ ನಿಜವಾಗಿ ಏರಿದ ಮೇಲಷ್ಟೇ ಐದರ ಎಣಿಕೆ ಶುರು. ಸೆನ್ಸರ್ ಕೆಟ್ಟು ತಂತಿ ಏರದೇ ಹೋದರೆ, `n` ನಮ್ಮನ್ನು ಅಲ್ಲೇ ಸಿಕ್ಕಿಕೊಳ್ಳದಂತೆ ಬಿಡಿಸುತ್ತದೆ.