ಸುಟ್ಟ ಕಂಪ್ರೆಸರು ಬಿಟ್ಟುಹೋಗುವ ಆಮ್ಲ

ಬನ್ನೇರುಘಟ್ಟ ರಸ್ತೆಯ ಮಗ್ಗುಲಲ್ಲಿರುವ ಗೊಟ್ಟಿಗೆರೆಯು ಒಂದು ಕಾಲಕ್ಕೆ ತನ್ನ ಕೆರೆಯಿಂದಲೇ ಗುರುತಿಸಲ್ಪಡುತ್ತಿದ್ದ ಹಳ್ಳಿ. ಅಂದು ಕರೆದ ಹಾಲು ಅಂದೇ ಖರ್ಚಾಗುತ್ತಿತ್ತು. ಉಳಿದುದು ಹೆಪ್ಪಿಗೆ ಸೇರುತ್ತಿತ್ತು. ಇಂದು ಆ ಹಳ್ಳಿಯು ಮಹಾನಗರದ ಒಡಲಿನೊಳಗೆ ಸೇರಿಹೋಗಿದೆ. ಹಾಲು, ಮೊಸರು, ಬೆಣ್ಣೆಗಳನ್ನು ಮಾರುವ ಅಂಗಡಿಯ ಹಿಂಭಾಗದಲ್ಲಿ ಸದಾ ನಾಲ್ಕು ಡಿಗ್ರಿ ಸೆಲ್ಸಿಯಸ್ಸಿನಲ್ಲಿರಬೇಕಾದ ಸಣ್ಣದೊಂದು ಶೀತಕೋಣೆ ಇರುವುದು ಸಾಮಾನ್ಯವಾಗಿದೆ. ಅಂತಹ ಕೋಣೆಯೊಂದನ್ನು ಕಲ್ಪಿಸಿಕೊಳ್ಳಬೇಕು. ಅದರ ಯಂತ್ರವು ಎರಡು ಟನ್ ಸಾಮರ್ಥ್ಯದ್ದು. ಮೂರು ಫೇಸಿನ ವಿದ್ಯುತ್ತಿನಿಂದ ನಡೆಯುವಂಥದು. ಅದರೊಳಗೆ ಹರಿಯುವುದು ಆರ್-22 ಎಂಬ ಶೀತಕ, ಎಂದರೆ ರೂಢಿಯ ಮಾತಿನಲ್ಲಿ ‘ಗ್ಯಾಸು’.

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಈ ಯಂತ್ರ ನಿಂತುಹೋಗುತ್ತದೆ. ಮೆಕ್ಯಾನಿಕ್ ಬಂದು ಮೋಟಾರಿನ ಸುರುಳಿ ಸುಟ್ಟಿದೆಯೆಂದು ತಿಳಿಸಿ, ಹಳೆಯ ಕಂಪ್ರೆಸರನ್ನು ಬಿಚ್ಚಿ, ಹೊಸದನ್ನು ಬೆಸೆದು, ಗ್ಯಾಸು ತುಂಬಿ ಹೋಗುತ್ತಾನೆ. ಕೋಣೆ ಮತ್ತೆ ತಣ್ಣಗಾಗುತ್ತದೆ. ನಲವತ್ತು ದಿನ ಕಳೆಯುವಷ್ಟರಲ್ಲಿ ಹೊಸ ಕಂಪ್ರೆಸರು ಸಹ ಸುಟ್ಟುಹೋಗುತ್ತದೆ. ಅಂಗಡಿಯವನು ತಯಾರಕರ ಖಾತರಿಯನ್ನು ನಂಬಿ ಅದನ್ನು ಹಿಂದಕ್ಕೆ ಕಳುಹಿಸಿದರೆ, ಎಣ್ಣೆಯಲ್ಲಿ ಆಮ್ಲ ಕಂಡುಬಂದಿರುವುದರಿಂದ ದೋಷ ಕಂಪ್ರೆಸರಿನದಲ್ಲ, ಅದನ್ನು ಜೋಡಿಸಿದ ವ್ಯವಸ್ಥೆಯದು ಎಂಬ ಉತ್ತರ ಬರುತ್ತದೆ. ಈ ಉತ್ತರ ಕೇಳಿದವನಿಗೆ ಅದು ಕೈ ತೊಳೆದುಕೊಳ್ಳುವ ಮಾತೆಂದು ತೋರುವುದು ಸಹಜ. ಆದರೆ ಬಹುಮಟ್ಟಿಗೆ ಅದು ನಿಜ.

ಇದು ಹೇಗೆಂದು ತಿಳಿಯಲು ಕಂಪ್ರೆಸರಿನ ರಚನೆಯನ್ನು ನೋಡಬೇಕು. ಹಿಂದಿನ ಶೈತ್ಯಯಂತ್ರಗಳಲ್ಲಿ ಮೋಟಾರು ಹೊರಗಿದ್ದು, ಬೆಲ್ಟಿನ ಮೂಲಕ ಕಂಪ್ರೆಸರನ್ನು ತಿರುಗಿಸುತ್ತಿತ್ತು. ಮೋಟಾರು ಸುಟ್ಟರೆ ಹೊಗೆ ಕೋಣೆಗೆ ಬರುತ್ತಿತ್ತೇ ಹೊರತು ಕೊಳವೆಯೊಳಕ್ಕೆ ಹೋಗುತ್ತಿರಲಿಲ್ಲ. ಆದರೆ ತಿರುಗುವ ದಂಡವು ಹೊರಗೆ ಬರುವ ಸಂದಿನಲ್ಲಿ ಗ್ಯಾಸು ಸೋರುತ್ತಿತ್ತು. ಈ ಸೋರಿಕೆಯನ್ನು ತಪ್ಪಿಸಲೆಂದು ಮೋಟಾರನ್ನೂ ಕಂಪ್ರೆಸರನ್ನೂ ಒಂದೇ ಉಕ್ಕಿನ ಚಿಪ್ಪಿನೊಳಗಿಟ್ಟು ಬೆಸುಗೆಯಿಂದ ಮುಚ್ಚುವ ಪದ್ಧತಿ ಬಂದಿತು. ಅಂದಿನಿಂದ ಮೋಟಾರಿನ ಸುರುಳಿಯು ಶೀತಕದ ಆವಿ ಮತ್ತು ಎಣ್ಣೆಯ ನಡುವೆಯೇ ಇರುತ್ತದೆ. ಇಲ್ಲಿ ಹೇಳುತ್ತಿರುವ ಬಗೆಯ ಕಂಪ್ರೆಸರಿನಲ್ಲಿ ಕೋಣೆಯಿಂದ ಹಿಂದಿರುಗುವ ತಣ್ಣನೆಯ ಆವಿಯೇ ಮೋಟಾರನ್ನು ತಂಪಾಗಿಡುತ್ತದೆ. ಸೋರಿಕೆ ನಿಂತಿತು, ಆದರೆ ಮೋಟಾರಿನ ಒಳಗಿನ ಬೆಂಕಿ ಇಡೀ ವ್ಯವಸ್ಥೆಯ ಸ್ವತ್ತಾಯಿತು.

ಸುರುಳಿಯ ತಂತಿಗೆ ಹಚ್ಚಿದ ವಾರ್ನಿಷು ಸೋತು ಎರಡು ತಂತಿಗಳ ನಡುವೆ ಕಿಡಿ ಹಾರಿದಾಗ, ಆ ಸ್ಥಳದಲ್ಲಿ ಶಾಖವು ಅತ್ಯಧಿಕವಾಗುತ್ತದೆ. ಸಾಮಾನ್ಯ ಉಷ್ಣತೆಯಲ್ಲಿ ಸ್ಥಿರವಾದ ಆರ್-22 ಆ ಶಾಖದಲ್ಲಿ ಒಡೆಯುತ್ತದೆ. ಅದರ ಅಣುವಿನಲ್ಲಿ ಕ್ಲೋರಿನ್ ಮತ್ತು ಫ್ಲೋರಿನ್ ಎರಡೂ ಇರುವುದರಿಂದ ಹೈಡ್ರೋಕ್ಲೋರಿಕ್ ಆಮ್ಲವೂ ಹೈಡ್ರೋಫ್ಲೋರಿಕ್ ಆಮ್ಲವೂ ಹುಟ್ಟುತ್ತವೆ. ಎಣ್ಣೆಯು ಕರಿದು ಮಸಿಯಾಗುತ್ತದೆ. ಅದರಿಂದ ಸಾವಯವ ಆಮ್ಲಗಳು ಸಹ ಉಂಟಾಗುತ್ತವೆ. ವ್ಯವಸ್ಥೆಯೊಳಗೆ ತೇವಾಂಶ ಸೇರಿದ್ದರೆ ಈ ಕ್ರಿಯೆ ಇನ್ನೂ ತೀವ್ರ.

ಸುಡುವುದರಲ್ಲಿ ಎರಡು ಬಗೆಗಳಿವೆ. ಮೋಟಾರು ಒಮ್ಮೆಲೇ ಕೆಟ್ಟು ತಕ್ಷಣ ನಿಂತರೆ, ಹೊಲಸು ಬಹುಪಾಲು ಚಿಪ್ಪಿನೊಳಗೇ ಉಳಿಯುತ್ತದೆ. ಎಣ್ಣೆಯನ್ನು ಬಗ್ಗಿಸಿ ನೋಡಿದರೆ ತಿಳಿಯಾಗಿರುತ್ತದೆ. ಮೋಟಾರು ಸುಡುತ್ತಲೇ ಸ್ವಲ್ಪ ಕಾಲ ತಿರುಗಿದರೆ ಮಾತು ಬೇರೆ. ಪಿಸ್ಟನ್ನು ತಾನು ಉಸಿರೆಳೆದ ಮಸಿಯನ್ನೂ ಆಮ್ಲವನ್ನೂ ಪ್ರತಿ ಸುತ್ತಿನಲ್ಲಿಯೂ ಕಂಡೆನ್ಸರಿಗೆ ನೂಕುತ್ತದೆ. ಅಲ್ಲಿಂದ ಅವು ದ್ರವದೊಡನೆ ಡ್ರೈಯರಿಗೆ, ಎಕ್ಸ್‌ಪಾನ್ಷನ್ ವಾಲ್ವಿಗೆ, ಕೂಲಿಂಗ್ ಕಾಯಿಲಿಗೆ ಸಾಗುತ್ತವೆ. ಇಂತಹ ಎಣ್ಣೆ ಕಪ್ಪಾಗಿರುತ್ತದೆ. ಅದರ ಕಟುವಾಸನೆ ಮೂಗಿಗೆ ಇರಿದಂತಾಗುತ್ತದೆ. ಅನುಭವಿಗಳಾದ ಮೆಕ್ಯಾನಿಕ್ಕುಗಳು ಹಿಂದೆ ಆ ವಾಸನೆಯಿಂದಲೇ ತೀರ್ಮಾನಕ್ಕೆ ಬರುತ್ತಿದ್ದರು. ಅದು ಆರೋಗ್ಯಕ್ಕೆ ಒಳ್ಳೆಯದಲ್ಲ, ನಂಬಿಕೆಗೆ ತಕ್ಕುದೂ ಅಲ್ಲ. ಅಲ್ಪ ಆಮ್ಲ ಮೂಗಿಗೆ ತಿಳಿಯದು. ಎಣ್ಣೆಯ ಕೆಲವು ತೊಟ್ಟುಗಳನ್ನು ಪರೀಕ್ಷಾ ದ್ರವದಲ್ಲಿ ಕಲಕಿ, ಬಣ್ಣ ಹಳದಿಗೆ ತಿರುಗುವುದೇ ಎಂದು ನೋಡುವ ಸಣ್ಣ ಪೊಟ್ಟಣಗಳು ದೊರೆಯುತ್ತವೆ. ಖನಿಜ ಎಣ್ಣೆಯಾದರೆ ಆಮ್ಲಾಂಕವು 0.05ನ್ನು ಮೀರಬಾರದೆಂಬುದು ರೂಢಿಯಲ್ಲಿರುವ ಮಿತಿ. ಎಂದರೆ ಒಂದು ಗ್ರಾಂ ಎಣ್ಣೆಯ ಆಮ್ಲವನ್ನು ತಣಿಸಲು ಬೇಕಾಗುವ ಕ್ಷಾರವು ಒಂದು ಮಿಲಿಗ್ರಾಮಿನ ಇಪ್ಪತ್ತನೆಯ ಒಂದು ಪಾಲು ಮಾತ್ರ. ಇಷ್ಟು ಅಲ್ಪ ಪ್ರಮಾಣವೇ ಗಡಿಯೆಂದ ಮೇಲೆ, ಕಣ್ಣಿಗೆ ಶುಭ್ರವಾಗಿ ಕಾಣುವ ಕೊಳವೆಯನ್ನು ನಂಬುವುದು ಹೇಗೆ?

ಹಳೆಯ ಕಂಪ್ರೆಸರನ್ನು ಬಿಚ್ಚಿದಾಗ ಅದರೊಡನೆ ಎಣ್ಣೆಯ ಬಹುಭಾಗ ಹೊರಟುಹೋಗುತ್ತದೆ. ಆದರೆ ಎಣ್ಣೆಯ ಒಂದಂಶ ಸದಾ ಶೀತಕದೊಡನೆ ಸಂಚರಿಸುತ್ತಿದ್ದು, ಕಾಯಿಲಿನ ಬಾಗುಗಳಲ್ಲಿ, ಹಿಂದಿರುಗುವ ಕೊಳವೆಯ ತಗ್ಗುಗಳಲ್ಲಿ ತೆಳುವಾದ ಪದರವಾಗಿ ಅಂಟಿಕೊಂಡಿರುತ್ತದೆ. ಆಮ್ಲ ಕುಳಿತಿರುವುದು ಆ ಪದರದಲ್ಲಿ. ಗ್ಯಾಸನ್ನು ಹೊರತೆಗೆದರೆ ಅದು ಹೋಗುವುದಿಲ್ಲ. ವ್ಯಾಕ್ಯೂಮ್ ಪಂಪನ್ನು ಗಂಟೆಗಟ್ಟಲೆ ಓಡಿಸಿದರೂ ಹೋಗುವುದಿಲ್ಲ. ಈ ಎರಡನೆಯ ಸಂಗತಿಯನ್ನು ಅನೇಕರು ಒಪ್ಪುವುದಿಲ್ಲ. ಪಂಪು ಗಾಳಿಯನ್ನು ತೆಗೆಯುತ್ತದೆ; ನೀರನ್ನು ಕಡಿಮೆ ಒತ್ತಡದಲ್ಲಿ ಕುದಿಸಿ ಆವಿಯಾಗಿ ತೆಗೆಯುತ್ತದೆ. ಎಣ್ಣೆಯಲ್ಲಿ ಕರಗಿ ಕುಳಿತ ಆಮ್ಲವಾದರೋ ಹಾಗೆ ಆವಿಯಾಗಿ ಹೊರಡುವಂಥದಲ್ಲ. ಪಂಪಿನ ಒಳಕ್ಕೆ ಬಂದಷ್ಟು ಆಮ್ಲ ಆ ಪಂಪಿನ ಎಣ್ಣೆಯನ್ನೇ ಕೆಡಿಸುತ್ತದೆ.

ಹೊಸ ಕಂಪ್ರೆಸರು ಚಾಲೂ ಆದೊಡನೆ ಅದರ ಶುದ್ಧವಾದ ಎಣ್ಣೆ ಕೊಳವೆಗಳನ್ನು ಸುತ್ತಿ, ಹಳೆಯ ಪದರವನ್ನು ತೊಳೆದುಕೊಂಡು ಚಿಪ್ಪಿಗೆ ಮರಳುತ್ತದೆ. ಹೀಗೆ ಹೊಸ ಯಂತ್ರವು ತನ್ನ ಶತ್ರುವನ್ನು ತಾನೇ ಮನೆಗೆ ಕರೆತರುತ್ತದೆ. ಆಮ್ಲವು ಸುರುಳಿಯ ವಾರ್ನಿಷನ್ನು ದಿನದಿನವೂ ಸವೆಸುತ್ತದೆ. ಶಾಖ ಹೆಚ್ಚಿದಷ್ಟೂ ಸವೆತದ ವೇಗ ಹೆಚ್ಚು. ಇನ್ನೊಂದು ಕಡೆ ಅದು ಕೊಳವೆಗಳ ತಾಮ್ರವನ್ನು ಕರಗಿಸಿ ಎಣ್ಣೆಯೊಡನೆ ತಂದು, ಕಂಪ್ರೆಸರಿನ ಬಿಸಿಯಾದ ಉಕ್ಕಿನ ಭಾಗಗಳ ಮೇಲೆ ಲೇಪಿಸುತ್ತದೆ. ಕೆಟ್ಟ ಕಂಪ್ರೆಸರನ್ನು ಕತ್ತರಿಸಿ ನೋಡಿದಾಗ ಬೇರಿಂಗು, ವಾಲ್ವುಗಳ ಮೇಲೆ ತಾಮ್ರದ ಕೆಂಬಣ್ಣದ ಹೊಳಪು ಕಾಣುವುದು ಇದರಿಂದಲೇ. ಅತಿ ಕಿರಿದಾದ ಸಂದುಗಳು ಈ ಲೇಪದಿಂದ ಮುಚ್ಚಿಕೊಂಡು ಘರ್ಷಣೆ ಏರುತ್ತದೆ, ಮೋಟಾರಿನ ಭಾರ ಏರುತ್ತದೆ, ಶಾಖವೂ ಏರುತ್ತದೆ. ನಲವತ್ತು ದಿನಗಳ ಮರ್ಮ ಇದು.

ಮೂರನೆಯ ಕಂಪ್ರೆಸರನ್ನು ಜೋಡಿಸುವವನು ಮಾಡಬೇಕಾದ ಕೆಲಸದಲ್ಲಿ ಬೆಸುಗೆಗಿಂತ ಸ್ವಚ್ಛತೆಯೇ ಹೆಚ್ಚಿನದು. ಮೊದಲಿಗೆ ಸುಟ್ಟಿರುವುದು ನಿಶ್ಚಯವಾಗಬೇಕು. ಮೆಗ್ಗರಿನ ಒಂದು ತುದಿಯನ್ನು ಮೋಟಾರಿನ ಟರ್ಮಿನಲ್ಲಿಗೂ ಇನ್ನೊಂದನ್ನು ಚಿಪ್ಪಿನ ಬರಿಯ ಲೋಹಕ್ಕೂ ಹಿಡಿದಾಗ ಮುಳ್ಳು ಸೊನ್ನೆಗೆ ಬಿದ್ದರೆ ಸುರುಳಿ ಭೂಸ್ಪರ್ಶವಾಗಿದೆ ಎಂದರ್ಥ. ಅನಂತರ ಗ್ಯಾಸನ್ನು ಗಾಳಿಗೆ ಬಿಡದೆ ಪ್ರತ್ಯೇಕ ಸಿಲಿಂಡರಿಗೆ ಎಳೆದುಕೊಳ್ಳಬೇಕು. ಆರ್-22 ಓಜೋನ್ ಪದರಕ್ಕೆ ಹಾನಿಕರವೆಂಬುದು ಒಂದು ಕಾರಣ. ಆಮ್ಲ ಬೆರೆತ ಆವಿಯು ಕಣ್ಣಿಗೂ ಶ್ವಾಸಕೋಶಕ್ಕೂ ಅಪಾಯವೆಂಬುದು ಇನ್ನೊಂದು. ಕೈಗವಸು, ಕನ್ನಡಕಗಳಿಲ್ಲದೆ ಆ ಎಣ್ಣೆಯನ್ನು ಮುಟ್ಟಬಾರದು. ಹಳೆಯ ಕಂಪ್ರೆಸರಿನ ಕೊಳವೆಗಳನ್ನು ಬೆಂಕಿಯಿಂದ ಬಿಡಿಸುವುದಕ್ಕಿಂತ ಕಟ್ಟರಿನಿಂದ ಕತ್ತರಿಸುವುದು ಲೇಸು. ಒಳಗುಳಿದ ಎಣ್ಣೆಗೆ ಬೆಂಕಿ ತಗಲುವುದುಂಟು.

ಬಳಿಕ ಹಳೆಯ ಡ್ರೈಯರನ್ನು ತೆಗೆದುಹಾಕಬೇಕು. ಎಕ್ಸ್‌ಪಾನ್ಷನ್ ವಾಲ್ವಿನ ಜಾಲರಿಯನ್ನು ಬಿಚ್ಚಿ ಮಸಿಯಿದ್ದರೆ ತೊಳೆಯಬೇಕು, ಇಲ್ಲವೆ ವಾಲ್ವನ್ನೇ ಬದಲಾಯಿಸಬೇಕು. ಕೊಳವೆಗಳನ್ನು ಅದಕ್ಕೆಂದೇ ತಯಾರಾದ ದ್ರಾವಕದಿಂದ ತೊಳೆದು, ಒಣ ನೈಟ್ರೋಜನ್ನಿನಿಂದ ಊದಿ ತೆಗೆಯಬೇಕು. ಇಷ್ಟಾದರೂ ಕಾಯಿಲಿನ ಉದ್ದನೆಯ ಬಾಗುಗಳಲ್ಲಿ ಸ್ವಲ್ಪ ಎಣ್ಣೆ ಉಳಿದೇ ಉಳಿಯುತ್ತದೆ. ಉಳಿದುದನ್ನು ಯಂತ್ರ ನಡೆಯುತ್ತಿರುವಾಗಲೇ ಹಿಡಿಯುವ ಉಪಾಯವೇ ಈ ದುರಸ್ತಿಯ ಜೀವಾಳ. ದ್ರವದ ಕೊಳವೆಯಲ್ಲಿ ಮಾಮೂಲಿಗಿಂತ ದೊಡ್ಡದಾದ ಡ್ರೈಯರನ್ನೂ, ಕಂಪ್ರೆಸರಿಗೆ ಆವಿ ಹಿಂದಿರುಗುವ ಸಕ್ಷನ್ ಕೊಳವೆಯಲ್ಲಿ ಇನ್ನೊಂದು ವಿಶೇಷ ಡ್ರೈಯರನ್ನೂ ಜೋಡಿಸುತ್ತಾರೆ. ಈ ಎರಡನೆಯದರಲ್ಲಿ ಹೇರಳವಾಗಿರುವ ಕ್ರಿಯಾಶೀಲ ಅಲ್ಯುಮಿನಾ ಆಮ್ಲವನ್ನು ತನ್ನ ಮೈಗೆ ಹೀರಿಕೊಳ್ಳುತ್ತದೆ. ಮರಳುವ ಎಣ್ಣೆ ಮೋಟಾರನ್ನು ತಲುಪುವ ಮೊದಲು ಈ ಬಾಗಿಲನ್ನು ದಾಟಲೇಬೇಕು.

ಬೆಸುಗೆ ಹಾಕುವಾಗ ಕೊಳವೆಯೊಳಗೆ ನೈಟ್ರೋಜನ್ ಮೆಲ್ಲನೆ ಹರಿಯುತ್ತಿರಬೇಕು. ಇಲ್ಲದಿದ್ದರೆ ಒಳಗೆ ಕಪ್ಪು ಸಿಪ್ಪೆಯೇಳುತ್ತದೆ. ಒತ್ತಡದ ಪರೀಕ್ಷೆಯ ತರುವಾಯ ವ್ಯಾಕ್ಯೂಮನ್ನು 500 ಮೈಕ್ರಾನಿಗೆ ಇಳಿಸಿ, ಪಂಪನ್ನು ಬೇರ್ಪಡಿಸಿ ಕಾಯಬೇಕು. ಮಾಪಕದ ಅಂಕಿ ಸ್ವಲ್ಪ ಏರಿ ನಿಂತರೆ ತೇವ ಉಳಿದಿದೆಯೆಂದೂ, ನಿಲ್ಲದೆ ಏರುತ್ತಲೇ ಹೋದರೆ ಸೋರಿಕೆಯಿದೆಯೆಂದೂ ತಿಳಿಯಬೇಕು. ವ್ಯಾಕ್ಯೂಮಿನಲ್ಲಿರುವಾಗ ಮೋಟಾರಿಗೆ ವಿದ್ಯುತ್ತನ್ನಾಗಲಿ ಮೆಗ್ಗರನ್ನಾಗಲಿ ಕೊಡಕೂಡದು. ವಿರಳವಾದ ಅನಿಲದಲ್ಲಿ ಕಿಡಿ ಸುಲಭವಾಗಿ ಹಾರಿ ಹೊಸ ಸುರುಳಿಯೇ ಸುಡಬಹುದು.

ಗ್ಯಾಸು ತುಂಬಿ ಯಂತ್ರವನ್ನು ನಡೆಸಿದ ಮೇಲೆ ಮೆಕ್ಯಾನಿಕ್ಕಿನ ಕೆಲಸ ಮುಗಿಯಿತೆಂದು ಅಂಗಡಿಯವನು ತಿಳಿಯುತ್ತಾನೆ. ನಿಜವಾಗಿ ಅರ್ಧ ಉಳಿದಿರುತ್ತದೆ. ಸಕ್ಷನ್ ಡ್ರೈಯರಿನ ಎರಡು ಕಡೆಗಳ ಒತ್ತಡವನ್ನು ಮೊದಲ ದಿನವೇ ಅಳೆಯಬೇಕು. ವ್ಯತ್ಯಾಸ ಬೆಳೆಯುತ್ತಿದ್ದರೆ ಅದು ಮಸಿಯಿಂದ ಕಟ್ಟಿಕೊಳ್ಳುತ್ತಿದೆ. ಹಾಗೆಯೇ ಬಿಟ್ಟರೆ ಮೋಟಾರಿಗೆ ತಣ್ಣನೆಯ ಆವಿ ಸಾಲದಾಗಿ, ಕಾಪಾಡಲು ಬಂದುದೇ ಕೊಲ್ಲುವಂತಾಗುತ್ತದೆ. ಎರಡು ದಿನಗಳ ನಂತರ ಮತ್ತೆ ಆಮ್ಲಪರೀಕ್ಷೆ ಮಾಡಬೇಕು. ಮುಚ್ಚಿದ ಚಿಪ್ಪಿನಿಂದ ಎಣ್ಣೆ ತೆಗೆಯಲು ದಾರಿಯಿಲ್ಲವಾದ್ದರಿಂದ, ಸರ್ವೀಸ್ ವಾಲ್ವಿನಿಂದ ಸ್ವಲ್ಪ ಆವಿಯನ್ನು ಬಣ್ಣ ಬದಲಾಯಿಸುವ ಗಾಜಿನ ನಳಿಕೆಯ ಮೂಲಕ ಹಾಯಿಸಿ ನೋಡುತ್ತಾರೆ. ಆಮ್ಲ ಕಂಡರೆ ಎರಡೂ ಡ್ರೈಯರುಗಳನ್ನು ಬದಲಿಸಿ ಮತ್ತೆ ನಡೆಸಬೇಕು. ಕಾಣದಂತಾಗುವವರೆಗೂ ಇದೇ ಕ್ರಮ. ಕೊನೆಗೆ ಸಕ್ಷನ್ನಿನ ಡ್ರೈಯರನ್ನು ತೆಗೆದು, ದ್ರವದ ಕೊಳವೆಗೆ ಹೊಸ ಡ್ರೈಯರು ಹಾಕಿ ಬಿಡುತ್ತಾರೆ. ಹೀಗೆ ಮೂರು ಸಲ ಬಂದುಹೋಗುವ ಕೂಲಿಯನ್ನು ಕೊಡಲು ಹಿಂದೆಗೆಯುವವರೇ ಹೆಚ್ಚು. ಆದರೆ ಎರಡು ಡ್ರೈಯರುಗಳ ಬೆಲೆ ಒಂದು ಕಂಪ್ರೆಸರಿನ ಬೆಲೆಯ ಸಣ್ಣ ಪಾಲು.

ಇಷ್ಟೆಲ್ಲ ಮಾಡಿಯೂ ಒಂದನ್ನು ಮರೆತರೆ ಶ್ರಮ ವ್ಯರ್ಥ. ಮೊದಲನೆಯ ಕಂಪ್ರೆಸರಿಗೆ ಆಮ್ಲದ ಹಂಗಿರಲಿಲ್ಲ. ಅದು ಬೇರೆ ಯಾವುದೋ ಕಾರಣದಿಂದ ಸುಟ್ಟಿತು. ಗೊಟ್ಟಿಗೆರೆಯ ಶೀತಕೋಣೆಯ ಕಂಡೆನ್ಸರು ರಸ್ತೆಯ ಕಡೆಗಿದೆಯೆಂದಿಟ್ಟುಕೊಂಡರೆ, ಬನ್ನೇರುಘಟ್ಟ ರಸ್ತೆಯಲ್ಲಿ ಮೆಟ್ರೋ ಕಾಮಗಾರಿ ನಡೆದ ವರ್ಷಗಳ ಧೂಳು ಅದರ ರೆಕ್ಕೆಗಳ ಸಂದಿನಲ್ಲಿ ಕಂಬಳಿಯಂತೆ ಕುಳಿತಿರಬಹುದು. ಆಗ ಒತ್ತಡವೂ ಮೋಟಾರಿನ ಭಾರವೂ ಏರುತ್ತವೆ. ಕಾಂಟ್ಯಾಕ್ಟರಿನ ಮುಚ್ಚಳ ತೆಗೆದಾಗ ಮೂರು ಜೋಡಿ ತುದಿಗಳಲ್ಲಿ ಒಂದು ಜೋಡಿ ಸುಟ್ಟು ಗುಳಿ ಬಿದ್ದಿರುವುದು ಕಂಡೀತು. ಅಂದರೆ ಯಂತ್ರ ಆಗಾಗ್ಗೆ ಎರಡೇ ಫೇಸಿನಲ್ಲಿ ಎಳೆದಾಡುತ್ತಿತ್ತು; ಉಳಿದ ಎರಡು ತಂತಿಗಳಲ್ಲಿ ಪ್ರವಾಹ ಮಿತಿಮೀರಿ ಸುರುಳಿ ಕಾದಿತು. ಕಂಡೆನ್ಸರನ್ನು ತೊಳೆದು, ಹೊಸ ಕಾಂಟ್ಯಾಕ್ಟರನ್ನೂ ಫೇಸು ತಪ್ಪಿದಾಗ ಯಂತ್ರವನ್ನು ನಿಲ್ಲಿಸುವ ರಿಲೇಯನ್ನೂ ಹಾಕಿದ ಬಳಿಕವೇ ಮೂರನೆಯ ಕಂಪ್ರೆಸರಿನ ಸ್ವಿಚ್ಚನ್ನು ಒತ್ತಬೇಕು.